ತೇಪೆ ಕಾಣದ ಇನ್‌ಪೇಂಟಿಂಗ್: ಪ್ಯಾಡಿಂಗ್ ಎಷ್ಟಿರಬೇಕು, ಡಿನಾಯ್ಸ್ ಎಷ್ಟಿರಬೇಕು?

ಪ್ರಶ್ನೆ: ನಮ್ಮ ಹಳೆಯ ಮನೆಯ ಪಡಸಾಲೆಯ ಫೋಟೋ ಒಂದಿದೆ, ಅಳತೆ 3000×2000 ಪಿಕ್ಸೆಲ್. ಕೆಂಪು ರೆಡ್ ಆಕ್ಸೈಡ್ ನೆಲ, ಸುಣ್ಣದ ಗೋಡೆ. ಗೋಡೆಯ ಬುಡದಲ್ಲಿ ಒಂದು ಹಸಿರು ಪ್ಲಾಸ್ಟಿಕ್ ಬಕೆಟ್ ಇದೆ, ಅದನ್ನು ತೆಗೆಯಬೇಕು. ಆಟೋಮ್ಯಾಟಿಕ್1111 ವೆಬ್‌ಯುಐನಲ್ಲಿ ಸ್ಟೇಬಲ್ ಡಿಫ್ಯೂಷನ್ 1.5 ಬಳಸಿ ಇನ್‌ಪೇಂಟ್ ಮಾಡುತ್ತಿದ್ದೇನೆ. ಪ್ಯಾಡಿಂಗ್ 32, ಡಿನಾಯ್ಸ್ 0.75 ಇಟ್ಟರೆ ಬಕೆಟ್ ಇದ್ದಲ್ಲಿ ಬೇರೆ ಯಾವುದೋ ಪಾತ್ರೆ ಬಂದು ಕೂರುತ್ತದೆ. 0.4ಕ್ಕೆ ಇಳಿಸಿದರೆ ಪಾತ್ರೆ ಬರುವುದಿಲ್ಲ, ಆದರೆ ಹಸಿರು ಛಾಯೆ ಹೋಗುವುದಿಲ್ಲ. ಎರಡರಲ್ಲೂ ತೇಪೆ ಹಾಕಿದ ಹಾಗೆ ಸುತ್ತಲೂ ಗೆರೆ ಕಾಣುತ್ತದೆ. ಸರಿಯಾದ ಅಂಕಿ ಯಾವುದು, ದಯವಿಟ್ಟು ತಿಳಿಸಿ.

ಉತ್ತರ: ನಿಮ್ಮ ಫೋಟೋಗೆ ಸುಮಾರು 128ರ ಪ್ಯಾಡಿಂಗ್ ಹೊಂದುತ್ತದೆ. ಡಿನಾಯ್ಸ್ ಮಾತ್ರ ಒಂದೇ ಅಂಕಿಯಲ್ಲಿ ಮುಗಿಯುವುದಿಲ್ಲ. ಮೊದಲ ಸುತ್ತಿಗೆ 0.6ರ ಆಸುಪಾಸು, ಎರಡನೆಯ ಸುತ್ತಿಗೆ 0.3ರ ಆಸುಪಾಸು ಬೇಕು. ಆದರೆ ಈ ಅಂಕಿಗಳನ್ನು ಹಾಗೆಯೇ ತೆಗೆದುಕೊಂಡು ಹೋಗಿ ಹಾಕಿದರೆ ಕೆಲಸ ಕೆಡುತ್ತದೆ, ಏಕೆಂದರೆ ಎರಡೂ ಅಂಕಿಗಳು ನೀವು ಮಾಸ್ಕ್ ಎಳೆದ ರೀತಿಯನ್ನೂ ಮಾಸ್ಕ್‌ನ ಕೆಳಗೆ ಇರುವ ಬಣ್ಣವನ್ನೂ ಅವಲಂಬಿಸಿವೆ. ಹಾಗಾಗಿ ಮಾಸ್ಕ್‌ನಿಂದಲೇ ಆರಂಭಿಸುತ್ತೇನೆ.

ಬಕೆಟ್ ಹೋಗಿ ಪಾತ್ರೆ ಬಂದದ್ದಕ್ಕೆ 0.75 ಎಂಬ ಅಂಕಿಯೊಂದೇ ಕಾರಣವಲ್ಲ. ನೀವು ಬಹುಶಃ ಬಕೆಟ್ಟಿನ ಆಕಾರವನ್ನಷ್ಟೇ ಬಳಿದು, ಅದರ ನೆರಳನ್ನು ಹೊರಗೆ ಬಿಟ್ಟಿದ್ದೀರಿ. ಉಜ್ಜಿ ಹೊಳಪು ಬಂದ ರೆಡ್ ಆಕ್ಸೈಡ್ ನೆಲದಲ್ಲಿ ನೆರಳಿನ ಜೊತೆಗೆ ಬಕೆಟ್ಟಿನ ಪ್ರತಿಬಿಂಬವೂ ಕೆಳಗೆ ಮಸುಕಾಗಿ ಬಿದ್ದಿರುತ್ತದೆ. ಮಾಸ್ಕ್‌ನ ಹೊರಗೆ ಒಂದು ನೆರಳು ಉಳಿದಿದ್ದರೆ, ಆ ನೆರಳನ್ನು ಬೀಳಿಸುವ ವಸ್ತುವೊಂದು ಮಾಸ್ಕ್‌ನ ಒಳಗೆ ಇರಬೇಕೆಂದೇ ಮಾಡೆಲ್ ಚಿತ್ರವನ್ನು ಓದಿಕೊಳ್ಳುತ್ತದೆ. ಲಕ್ಷಾಂತರ ಫೋಟೋಗಳಲ್ಲಿ ನೆರಳೂ ವಸ್ತುವೂ ಜೊತೆಯಾಗಿಯೇ ಇರುವುದನ್ನು ಅದು ಕಲಿತಿದೆ. ನೀವು ಪ್ರಾಂಪ್ಟ್‌ನಲ್ಲಿ ಏನು ಬರೆದರೂ ಆ ನೆರಳು ಅದಕ್ಕಿಂತ ಬಲವಾದ ಸೂಚನೆ. ಆದ್ದರಿಂದ ಬಕೆಟ್, ಅದರ ಹಿಡಿ, ಪಕ್ಕಕ್ಕೆ ಚಾಚಿದ ನೆರಳು, ಕೆಳಗಿನ ಪ್ರತಿಬಿಂಬ, ಗೋಡೆಯ ಮೇಲೆ ಹಸಿರು ಸ್ವಲ್ಪ ಹೊಳೆದಿದ್ದರೆ ಆ ಜಾಗ, ಇವೆಲ್ಲವೂ ಮಾಸ್ಕ್‌ನ ಒಳಗೆ ಬರಬೇಕು. ಇದರ ಮೇಲೆ ವಸ್ತುವಿನ ಅಂಚಿನಿಂದ ಇಪ್ಪತ್ತು ಇಪ್ಪತ್ತೈದು ಪಿಕ್ಸೆಲ್ ಹೊರಗೂ ಬಳಿಯಿರಿ. ಈ ಹೆಚ್ಚುವರಿ ಏಕೆ ಎಂಬುದನ್ನು ಬ್ಲರ್‌ನ ಮಾತು ಬಂದಾಗ ಹೇಳುತ್ತೇನೆ.

ಈಗ ಪ್ಯಾಡಿಂಗ್. ಅಂಕಿಯನ್ನು ಆಯುವ ಮೊದಲು ಆ ಸ್ಲೈಡರ್ ಏನು ಮಾಡುತ್ತದೆ ಎಂಬುದು ಸ್ಪಷ್ಟವಿರಬೇಕು, ಏಕೆಂದರೆ ಇದು ಮಾಸ್ಕ್ ಅನ್ನು ಹಿಗ್ಗಿಸುತ್ತದೆ ಎಂದೇ ಅನೇಕರು ತಿಳಿದಿರುತ್ತಾರೆ. ಅದು ಮಾಸ್ಕ್ ಅನ್ನು ಮುಟ್ಟುವುದೇ ಇಲ್ಲ. `Inpaint area` ಎಂಬಲ್ಲಿ `Only masked` ಆಯ್ದುಕೊಂಡಾಗ ವೆಬ್‌ಯುಐ ಮಾಸ್ಕ್‌ನ ಸುತ್ತ ಒಂದು ಚೌಕಟ್ಟನ್ನು ಎಳೆಯುತ್ತದೆ, ಆ ಚೌಕಟ್ಟನ್ನು ನಾಲ್ಕೂ ಕಡೆ `Only masked padding, pixels` ಎಂಬಲ್ಲಿ ಕೊಟ್ಟಷ್ಟು ಪಿಕ್ಸೆಲ್ ಹಿಗ್ಗಿಸುತ್ತದೆ, ನೀವು ಕೊಟ್ಟಿರುವ ಅಗಲ ಮತ್ತು ಎತ್ತರದ ಅನುಪಾತಕ್ಕೆ ಹೊಂದುವಂತೆ ಇನ್ನಷ್ಟು ಹಿಗ್ಗಿಸುತ್ತದೆ, ಬಳಿಕ ಅಷ್ಟು ಭಾಗವನ್ನು ಮಾತ್ರ ಕತ್ತರಿಸಿ ನೀವು ಕೊಟ್ಟ ಅಳತೆಗೆ ಹಿಗ್ಗಿಸಿಯೋ ಕುಗ್ಗಿಸಿಯೋ ಮಾಡೆಲ್‌ಗೆ ಕೊಡುತ್ತದೆ. ಮಾಡೆಲ್ ಬಿಡಿಸಿದ್ದನ್ನು ಮತ್ತೆ ಮೊದಲಿನ ಅಳತೆಗೆ ತಂದು ಮಾಸ್ಕ್ ಇದ್ದ ಜಾಗಕ್ಕೆ ಅಂಟಿಸುತ್ತದೆ. ಅಂದರೆ ಆ ಚೌಕಟ್ಟಿನ ಹೊರಗೆ ಇರುವ ಕಂಬ, ಬಾಗಿಲು, ಬೆಳಕು ಯಾವುದೂ ಮಾಡೆಲ್‌ಗೆ ಗೊತ್ತೇ ಇಲ್ಲ. ಪ್ಯಾಡಿಂಗ್ ಎಂದರೆ ಮಾಡೆಲ್‌ಗೆ ಸುತ್ತಲಿನ ಎಷ್ಟನ್ನು ನೋಡಲು ಬಿಡುತ್ತೀರಿ ಎಂಬ ಅಳತೆ.

ನಿಮ್ಮ ಫೋಟೋದ ಲೆಕ್ಕವನ್ನೇ ಹಾಕೋಣ. ಅಷ್ಟು ದೊಡ್ಡ ಫೋಟೋದಲ್ಲಿ ಬಕೆಟ್ ಸುಮಾರು 300 ಪಿಕ್ಸೆಲ್ ಅಗಲ, 360 ಪಿಕ್ಸೆಲ್ ಎತ್ತರ ಇದೆ ಎಂದುಕೊಳ್ಳೋಣ. ಬಕೆಟ್ ಮಾತ್ರ ಬಳಿದು ಪ್ಯಾಡಿಂಗ್ 32 ಇಟ್ಟರೆ ಚೌಕಟ್ಟು 364×424 ಆಗುತ್ತದೆ. ಅಳತೆ 512×512 ಇದ್ದರೆ ಅದು ಚೌಕವಾಗಬೇಕಾದ್ದರಿಂದ 424×424ಕ್ಕೆ ಹಿಗ್ಗುತ್ತದೆ. ಆ ಚೌಕದಲ್ಲಿ ನೂರಕ್ಕೆ ಅರವತ್ತು ಪಾಲು ಮಾಸ್ಕ್. ಉಳಿದ ನಲವತ್ತು ಪಾಲಿನಲ್ಲಿ ಎಡಬಲಕ್ಕೆ ಒಂದಿಷ್ಟು ನೆಲ, ಒಂದಿಷ್ಟು ಗೋಡೆ, ಕೆಳಗೆ ನೆಲದ ಒಂದು ಪಟ್ಟಿ. ಇಷ್ಟನ್ನೇ ನೋಡಿದ ಮಾಡೆಲ್‌ಗೆ ಇದು ಒಂದು ವಸ್ತುವಿನ ಹತ್ತಿರದ ಫೋಟೋ ಎಂದೇ ತೋರುತ್ತದೆ. ಚಿತ್ರದ ನಟ್ಟನಡುವೆ ದೊಡ್ಡ ಖಾಲಿ ಜಾಗವಿರುವಾಗ ಅಲ್ಲಿ ಮುಖ್ಯವಾದದ್ದೇನೋ ಇರಬೇಕೆಂದು ಅದು ಪಾತ್ರೆಯನ್ನೋ ಕುಂಡವನ್ನೋ ತಂದಿಡುತ್ತದೆ. ನಿಮ್ಮ ಪಾತ್ರೆಗೆ ಇದು ಎರಡನೆಯ ಕಾರಣ.

ನೆರಳು, ಪ್ರತಿಬಿಂಬ, ಅಂಚಿನ ಹೆಚ್ಚುವರಿ ಎಲ್ಲ ಸೇರಿಸಿ ಬಳಿದರೆ ಮಾಸ್ಕ್‌ನ ಚೌಕಟ್ಟು ಸುಮಾರು 440×520 ಆಗುತ್ತದೆ ಎನ್ನೋಣ. ಪ್ಯಾಡಿಂಗ್ 128 ಕೊಟ್ಟರೆ 696×776, ಚೌಕ ಮಾಡಿದರೆ 776×776. ಇದರಲ್ಲಿ ಮಾಸ್ಕ್‌ನ ಚೌಕಟ್ಟಿನ ಪಾಲು ನೂರಕ್ಕೆ ಮೂವತ್ತೆಂಟು. ಬಳಿದ ಆಕಾರ ಆ ಚೌಕಟ್ಟನ್ನು ಪೂರ್ತಿ ತುಂಬುವುದಿಲ್ಲವಾದ್ದರಿಂದ ನಿಜವಾದ ಪಾಲು ಅದಕ್ಕಿಂತ ಕಡಿಮೆ. ಮಾಸ್ಕ್‌ನ ಆಕಾರ ಕತ್ತರಿಸಿದ ಭಾಗದ ಕಾಲು ಪಾಲಿನಿಂದ ಮೂರನೆಯ ಒಂದು ಪಾಲಿನ ಒಳಗೆ ಇರುವಂತೆ ಪ್ಯಾಡಿಂಗ್ ಇಡುವುದು ನನ್ನ ರೂಢಿ. ವಸ್ತು ತೆಗೆಯುವ ಕೆಲಸಕ್ಕೆ ಇದು ಹೆಚ್ಚಿನ ಸಲ ಹೊಂದುತ್ತದೆ. 128 ಎಂಬ ಅಂಕಿಗೆ ತನ್ನಷ್ಟಕ್ಕೆ ಯಾವ ಮಹತ್ವವೂ ಇಲ್ಲ ಎಂಬುದು ಈಗ ತಿಳಿದಿರಬಹುದು. ಅದೇ ಫೋಟೋದಲ್ಲಿ ಗೋಡೆಯ ಮೇಲಿನ ಒಂದು ಸ್ವಿಚ್ ತೆಗೆಯಬೇಕಾದರೆ 48 ಪಿಕ್ಸೆಲ್ ಪ್ಯಾಡಿಂಗ್ ಸಾಕಾದೀತು, ಮಂಚ ತೆಗೆಯಬೇಕಾದರೆ ಸ್ಲೈಡರ್‌ನ ಕೊನೆಯ 256 ಕೂಡ ಸಾಲದಿರಬಹುದು.

ಹಾಗಾದರೆ ಪ್ಯಾಡಿಂಗ್ ಹೆಚ್ಚಿದಷ್ಟೂ ಒಳ್ಳೆಯದಲ್ಲವೇ ಎಂದು ಕೇಳಬಹುದು. ಅಲ್ಲ, ಮತ್ತು ಅದಕ್ಕೆ ಕಾರಣ ಅಳತೆಯಲ್ಲಿದೆ. ಸ್ಟೇಬಲ್ ಡಿಫ್ಯೂಷನ್ ಪಿಕ್ಸೆಲ್‌ಗಳ ಮೇಲೆ ನೇರವಾಗಿ ಕೆಲಸ ಮಾಡುವುದಿಲ್ಲ; ಚಿತ್ರವನ್ನು ಮೊದಲು ವಿಎಇ ಎಂಬ ಭಾಗ ಲೇಟೆಂಟ್ ರೂಪಕ್ಕೆ ಇಳಿಸುತ್ತದೆ, ಅಲ್ಲಿ 8×8 ಪಿಕ್ಸೆಲ್‌ಗಳಿಗೆ ಒಂದು ಮನೆ. 512×512ರ ಚಿತ್ರ ಎಂದರೆ 64×64 ಮನೆಗಳು. ನೀವು `Whole picture` ಆಯ್ದು ಇಡೀ ಫೋಟೋವನ್ನು 768×512ಕ್ಕೆ ಇಳಿಸಿದರೆ ಬಕೆಟ್ 77×92 ಪಿಕ್ಸೆಲ್ ಆಗುತ್ತದೆ, ಅಂದರೆ ಅಗಲಕ್ಕೆ ಹತ್ತು, ಎತ್ತರಕ್ಕೆ ಹನ್ನೆರಡು ಮನೆಗಳಷ್ಟೇ. ಅಷ್ಟರಲ್ಲಿ ನೆಲದ ಹೊಳಪನ್ನಾಗಲಿ ಗೋಡೆಯ ಬುಡದ ಸಣ್ಣ ಬಿರುಕನ್ನಾಗಲಿ ಬಿಡಿಸಲು ಜಾಗವಿಲ್ಲ. ಪ್ಯಾಡಿಂಗ್ ಅತಿಯಾದಾಗ ಆಗುವುದೂ ಇದೇ: ಮಾಡೆಲ್‌ಗೆ ಸುತ್ತಮುತ್ತ ಚೆನ್ನಾಗಿ ಕಾಣುತ್ತದೆ, ಬಣ್ಣ ಬೆಳಕು ಸರಿಯಾಗಿ ಬರುತ್ತದೆ, ಆದರೆ ತೇಪೆ ಮಸುಕಾಗಿ ನುಣುಪಾಗಿ ಕಾಣುತ್ತದೆ. ಇದನ್ನು ತಪ್ಪಿಸಲು ಕತ್ತರಿಸಿದ ಭಾಗದ ಅಳತೆಯೂ ನೀವು ಕೊಡುವ ಅಗಲ ಎತ್ತರವೂ ಒಂದಕ್ಕೊಂದು ಹತ್ತಿರವಿರುವಂತೆ ನೋಡಿಕೊಳ್ಳಬೇಕು. ನಿಮ್ಮಲ್ಲಿ ಕತ್ತರಿಸಿದ ಭಾಗ 776 ಆದ್ದರಿಂದ ಅಳತೆಯನ್ನು 512 ಬಿಟ್ಟು 768×768 ಇಡಿ. ಆಗ ಹಿಗ್ಗಿಸುವುದೂ ಕುಗ್ಗಿಸುವುದೂ ಬಹುತೇಕ ಇಲ್ಲ. 1.5 ಮಾಡೆಲ್ 512ರ ಚಿತ್ರಗಳಲ್ಲಿ ಕಲಿತದ್ದಾದರೂ, ಸುತ್ತಲಿನ ಚಿತ್ರ ಗಟ್ಟಿಯಾಗಿ ಹಿಡಿದಿಟ್ಟಿರುವ ಇನ್‌ಪೇಂಟಿಂಗ್ ಕೆಲಸದಲ್ಲಿ 768ಕ್ಕೆ ಅದು ತೊಂದರೆ ಕೊಡುವುದು ಕಡಿಮೆ.

ಪ್ಯಾಡಿಂಗ್‌ನ ಬಗ್ಗೆ ಇನ್ನೊಂದು ವಿಷಯ ಹೇಳಲೇಬೇಕು. ನಾಲ್ಕೂ ಕಡೆ ಒಂದೇ ಅಳತೆ ಹಿಗ್ಗಿಸುವುದು ಯಾವಾಗಲೂ ಜಾಣತನವಲ್ಲ, ಏಕೆಂದರೆ ಬೇಕಾದ ಸುಳಿವು ಒಂದೇ ದಿಕ್ಕಿನಲ್ಲಿರಬಹುದು. ನಿಮ್ಮ ಪಡಸಾಲೆಯಲ್ಲಿ ಬಾಗಿಲಿನ ಬೆಳಕು ಬಲಗಡೆಯಿಂದ ನೆಲದ ಮೇಲೆ ಬಿದ್ದಿದ್ದರೆ, ನೆಲದ ಕೆಂಪು ಎಡಕ್ಕೆ ಹೋದಂತೆ ಗಾಢವಾಗುತ್ತದೆ. ಈ ಇಳಿಜಾರು ಮಾಡೆಲ್‌ಗೆ ಕಂಡರೆ ಮಾತ್ರ ಅದು ತೇಪೆಯಲ್ಲೂ ಮುಂದುವರಿಯುತ್ತದೆ. ಇಂತಲ್ಲಿ ಪ್ಯಾಡಿಂಗ್ ಹೆಚ್ಚಿಸುವ ಬದಲು, ಬೆಳಕಿನ ಕಡೆ ದೂರದಲ್ಲಿ ಮಾಸ್ಕ್ ಬ್ರಷ್‌ನಿಂದ ಒಂದು ಸಣ್ಣ ಚುಕ್ಕೆ ಇಡಬಹುದು. ಚೌಕಟ್ಟು ಆ ಚುಕ್ಕೆಯನ್ನೂ ಒಳಗೊಳ್ಳಬೇಕಾದ್ದರಿಂದ ಆ ದಿಕ್ಕಿಗೆ ಮಾತ್ರ ಚಾಚಿಕೊಳ್ಳುತ್ತದೆ. ಚುಕ್ಕೆ ಇದ್ದ ಜಾಗವೂ ಹೊಸದಾಗಿ ಬಿಡಿಸಲ್ಪಡುತ್ತದೆ ಎಂಬುದು ನೆನಪಿರಲಿ. ಹಾಗಾಗಿ ಅದನ್ನು ಯಾವ ವಿವರವೂ ಇಲ್ಲದ ನುಣುಪು ನೆಲದ ಮೇಲೆ ಇಡಿ, ಕಂಬದ ಬುಡದ ಮೇಲೋ ಹೊಸ್ತಿಲಿನ ಮೇಲೋ ಬೇಡ. ಚೌಕಟ್ಟು ಅಡ್ಡಕ್ಕೆ ಉದ್ದವಾದಾಗ ಅಗಲವನ್ನೂ ಅದೇ ಅನುಪಾತಕ್ಕೆ ಹೆಚ್ಚಿಸಿ, ಇಲ್ಲದಿದ್ದರೆ ವೆಬ್‌ಯುಐ ಎತ್ತರವನ್ನು ಹಿಗ್ಗಿಸಿ ಮತ್ತೆ ಚೌಕ ಮಾಡಿಬಿಡುತ್ತದೆ.

ಕತ್ತರಿಸಿದ ಭಾಗವನ್ನಷ್ಟೇ ಮಾಡೆಲ್ ನೋಡುವುದರಿಂದ ಪ್ರಾಂಪ್ಟ್ ಕೂಡ ಅಷ್ಟಕ್ಕೇ ಹೊಂದಬೇಕು. ಹಳೆಯ ಮನೆ, ಕಂಬಗಳು, ಪಡಸಾಲೆ ಎಂದೆಲ್ಲ ಬರೆದರೆ ಆ ಸಣ್ಣ ಜಾಗದೊಳಗೆ ಪುಟ್ಟದೊಂದು ಮನೆಯನ್ನೇ ಕಟ್ಟಲು ಹೋಗುತ್ತದೆ. `polished red oxide floor, plain lime plaster wall` ಎಂದಷ್ಟೇ ಸಾಕು. `no bucket` ಎಂದು ಬರೆಯಬೇಡಿ. ಪ್ರಾಂಪ್ಟ್ ಓದುವ ಭಾಗ ಇಲ್ಲ ಎಂಬುದನ್ನು ಸರಿಯಾಗಿ ಹಿಡಿಯುವುದಿಲ್ಲ, ಬಕೆಟ್ ಎಂಬುದನ್ನು ಹಿಡಿಯುತ್ತದೆ. ಬೇಡವಾದದ್ದನ್ನು `Negative prompt` ಪೆಟ್ಟಿಗೆಯಲ್ಲಿ ಹಾಕಿ.

ಇನ್ನು ಡಿನಾಯ್ಸ್. 0.4ರಲ್ಲಿ ಹಸಿರು ಉಳಿದದ್ದೇಕೆ ಎಂಬುದು ತಿಳಿದರೆ ಇಡೀ ವಿಷಯ ಬಿಡಿಸಿಕೊಳ್ಳುತ್ತದೆ. `Denoising strength` ಎಂಬುದು ಮಾಸ್ಕ್‌ನ ಕೆಳಗಿನ ಚಿತ್ರಕ್ಕೆ ಎಷ್ಟು ನಾಯ್ಸ್ ಬೆರೆಸಿ ಕೆಲಸ ಆರಂಭಿಸಬೇಕು ಎಂಬುದನ್ನು ನಿರ್ಧರಿಸುತ್ತದೆ. 1 ಎಂದರೆ ಕೆಳಗಿನದು ಬಹುತೇಕ ಪೂರ್ತಿ ನಾಯ್ಸ್‌ನಲ್ಲಿ ಮುಳುಗಿಹೋಗುತ್ತದೆ, 0.4 ಎಂದರೆ ಕೆಳಗಿನದು ಸಾಕಷ್ಟು ಕಾಣುತ್ತಿರುವಾಗಲೇ ಕೆಲಸ ಶುರುವಾಗುತ್ತದೆ. ವೆಬ್‌ಯುಐನಲ್ಲಿ ಸ್ಟೆಪ್‌ಗಳೂ ಅದೇ ಪ್ರಮಾಣದಲ್ಲಿ ಕಡಿಮೆಯಾಗುತ್ತವೆ. 30 ಸ್ಟೆಪ್ ಕೊಟ್ಟು 0.4 ಇಟ್ಟರೆ ನಡೆಯುವುದು ಸುಮಾರು 12. ಈ ಸ್ಟೆಪ್‌ಗಳೆಲ್ಲ ಒಂದೇ ಬಗೆಯ ಕೆಲಸ ಮಾಡುವುದಿಲ್ಲ. ನಾಯ್ಸ್ ದಟ್ಟವಾಗಿರುವ ಮೊದಲ ಸ್ಟೆಪ್‌ಗಳಲ್ಲಿ ಎಲ್ಲಿ ಬೆಳಕು, ಎಲ್ಲಿ ಕತ್ತಲು, ಯಾವ ಬಣ್ಣ, ಯಾವ ದೊಡ್ಡ ಆಕಾರ ಎಂಬುದು ನಿಂತುಹೋಗುತ್ತದೆ. ನಾಯ್ಸ್ ತೆಳುವಾದ ಕೊನೆಯ ಸ್ಟೆಪ್‌ಗಳಲ್ಲಿ ಅಂಚು, ಹೊಳಪು, ಮೇಲ್ಮೈಯ ಸಣ್ಣ ವಿವರ ಬರುತ್ತವೆ. 0.4ರಲ್ಲಿ ಆ ಮೊದಲಿನ ಸ್ಟೆಪ್‌ಗಳು ನಡೆಯುವುದೇ ಇಲ್ಲ. ಹಾಗಾಗಿ ಕೆಳಗಿದ್ದ ಹಸಿರು ಎಂಬ ಬಣ್ಣ, ಬಕೆಟ್ಟಿನ ಅಗಲ ಎಂಬ ಆಕಾರ ಎರಡೂ ಹಾಗೆಯೇ ಉಳಿದು, ಅವುಗಳ ಮೇಲೆ ಹೊಸ ವಿವರ ಮಾತ್ರ ಬಂದಿದೆ. ಹಸಿರನ್ನು ಹೋಗಲಾಡಿಸಲು ಡಿನಾಯ್ಸ್ ಹೆಚ್ಚಿಸಿದರೆ ಮಾಡೆಲ್‌ಗೆ ಸ್ವಾತಂತ್ರ್ಯವೂ ಹೆಚ್ಚುತ್ತದೆ, ಪಾತ್ರೆ ಬರುತ್ತದೆ. ನೀವು ಈ ಎರಡರ ನಡುವೆ ಒಂದು ಅಂಕಿಯನ್ನು ಹುಡುಕುತ್ತಿದ್ದೀರಿ. ಮಾಸ್ಕ್‌ನ ಕೆಳಗೆ ಹಸಿರು ಇರುವವರೆಗೆ ಅಂತಹ ಅಂಕಿ ಸಿಗುವುದು ಕಷ್ಟ.

ಆದ್ದರಿಂದ ಅಂಕಿಯನ್ನು ಬಿಟ್ಟು ಕೆಳಗಿನ ಬಣ್ಣವನ್ನು ಬದಲಿಸಿ. ಇದಕ್ಕೆ ಎರಡು ದಾರಿಗಳಿವೆ. ಸುಲಭದ್ದು `Masked content` ಎಂಬಲ್ಲಿ `original` ಬದಲು `fill` ಆಯ್ದುಕೊಳ್ಳುವುದು. ಆಗ ವೆಬ್‌ಯುಐ ಮಾಸ್ಕ್‌ನ ಅಂಚಿನ ಬಣ್ಣಗಳನ್ನೇ ಒಳಕ್ಕೆ ಮಸುಕಾಗಿ ಹರಡಿ, ಅದರ ಮೇಲೆ ಕೆಲಸ ಆರಂಭಿಸುತ್ತದೆ. ಸುತ್ತಲೂ ನೆಲವೇ ಇರುವ ಕಡೆ ಇದು ಚೆನ್ನಾಗಿ ಹೊಂದುತ್ತದೆ. ನಿಮ್ಮ ಬಕೆಟ್ ಗೋಡೆಯೂ ನೆಲವೂ ಸೇರುವ ಕಡೆ ಇರುವುದರಿಂದ, ಬಿಳಿಯೂ ಕೆಂಪೂ ಬೆರೆತು ನಡುವೆ ನಸುಗೆಂಪು ಮಂಜಿನಂಥದ್ದು ನಿಲ್ಲುತ್ತದೆ. ಅದರಲ್ಲಿ ಗೋಡೆಯ ಬುಡದ ಗೆರೆ ಮೂಡಬೇಕಾದರೆ ಡಿನಾಯ್ಸ್ ಅನ್ನು 0.85 ಅಥವಾ 0.9ಕ್ಕೆ ಏರಿಸಬೇಕಾಗುತ್ತದೆ, ಆಗಲೂ ಗೆರೆ ಎಡಬಲದ ಗೆರೆಗಳಿಗಿಂತ ಸ್ವಲ್ಪ ಮೇಲೋ ಕೆಳಗೋ ಬಂದು ಮುರಿದಂತೆ ಕಾಣುವುದುಂಟು.

ಎರಡನೆಯ ದಾರಿಗೆ ಕೆಲವೇ ನಿಮಿಷ ಹೆಚ್ಚು ಬೇಕು, ನಾನು ನಿಮಗೆ ಹೇಳುವುದು ಅದನ್ನೇ. ಫೋಟೋವನ್ನು ಗಿಂಪ್‌ನಲ್ಲಿ ತೆರೆದು, ಬಕೆಟ್ ಮತ್ತು ನೆರಳಿನ ಮೇಲೆ ಒರಟಾಗಿ ಬಣ್ಣ ಬಳಿಯಿರಿ. ಬಕೆಟ್ಟಿನ ಎಡಕ್ಕೆ ಇರುವ ನೆಲದ ಬಣ್ಣವನ್ನು ಕಲರ್ ಪಿಕರ್‌ನಿಂದ ತೆಗೆದು ಎಡ ಅರ್ಧಕ್ಕೆ, ಬಲಕ್ಕೆ ಇರುವುದನ್ನು ತೆಗೆದು ಬಲ ಅರ್ಧಕ್ಕೆ ಹಚ್ಚಿ, ನಡುವೆ ಮೆದು ಬ್ರಷ್‌ನಿಂದ ಬೆರೆಸಿ. ಮೇಲೆ ಗೋಡೆಯ ಬಿಳಿಯನ್ನೂ ಹೀಗೆಯೇ. ಗೋಡೆಯ ಬುಡದ ಗೆರೆಯನ್ನು ಎಡಗಡೆಯ ಗೆರೆಯಿಂದ ಬಲಗಡೆಯ ಗೆರೆಗೆ ನೇರವಾಗಿ ಎಳೆದು ಸೇರಿಸಿ. ಇದು ಅಂದವಾಗಿರಬೇಕಾಗಿಲ್ಲ, ಬಣ್ಣ ಮತ್ತು ಬೆಳಕಿನ ಏರಿಳಿತ ಸರಿಯಿದ್ದರೆ ಸಾಕು, ಹೊಳಪನ್ನೂ ಸುಣ್ಣದ ಒರಟನ್ನೂ ಮಾಡೆಲ್ ತರುತ್ತದೆ. ಈ ಚಿತ್ರವನ್ನು ವೆಬ್‌ಯುಐಗೆ ಕೊಟ್ಟು, ಮೊದಲು ಹೇಳಿದಂತೆ ಮಾಸ್ಕ್ ಬಳಿದು, `original` ಆಯ್ದು, ಡಿನಾಯ್ಸ್ 0.6 ಇಡಿ. ದೊಡ್ಡ ಆಕಾರಗಳನ್ನು ನೀವೇ ನಿರ್ಧರಿಸಿಬಿಟ್ಟಿರುವುದರಿಂದ ಹೊಸ ಪಾತ್ರೆ ಬರಲು ಎಡೆಯಿಲ್ಲ, ಹಸಿರು ಕೆಳಗೆ ಇಲ್ಲವೇ ಇಲ್ಲ, ಮತ್ತು ಬ್ರಷ್‌ನ ಗುರುತುಗಳನ್ನು ಅಳಿಸಿ ನೆಲದ ನಿಜವಾದ ಮೇಲ್ಮೈ ತರಲು 0.6 ಸಾಕು. ಬ್ರಷ್ ಗುರುತು ಇನ್ನೂ ಕಂಡರೆ 0.65ಕ್ಕೆ ಏರಿಸಿ, ನೆಲದ ಮೇಲೆ ಇಲ್ಲದ ಕಲೆಗಳೋ ಹೆಂಚಿನ ಗೆರೆಗಳೋ ಮೂಡಲು ಆರಂಭಿಸಿದರೆ 0.5ಕ್ಕೆ ಇಳಿಸಿ.

ಇಲ್ಲಿ ಮಾಡೆಲ್‌ನ ಜಾತಿಯೂ ಮುಖ್ಯ. ಸಾಮಾನ್ಯ 1.5 ಮಾಡೆಲ್‌ಗೆ ಮಾಸ್ಕ್ ಎಂಬುದೊಂದಿದೆ ಎಂದೇ ಗೊತ್ತಿರುವುದಿಲ್ಲ. ಪ್ರತಿ ಸ್ಟೆಪ್‌ನಲ್ಲೂ ಮಾಸ್ಕ್‌ನ ಹೊರಗಿನ ಭಾಗವನ್ನು ವೆಬ್‌ಯುಐ ಹಳೆಯ ಚಿತ್ರದಿಂದ ಮತ್ತೆ ತುಂಬುತ್ತಿರುತ್ತದೆ, ಅಷ್ಟೇ. ಇನ್‌ಪೇಂಟಿಂಗ್‌ಗೆಂದೇ ತರಬೇತಿ ಪಡೆದ `sd-v1-5-inpainting.ckpt` ನಂಥ ಮಾಡೆಲ್‌ಗೆ ಮಾಮೂಲಿನ ನಾಲ್ಕು ಚಾನೆಲ್‌ಗಳ ಜೊತೆಗೆ ಇನ್ನೂ ಐದು ಚಾನೆಲ್‌ಗಳಿವೆ. ನಾಲ್ಕರಲ್ಲಿ ಮಾಸ್ಕ್ ಭಾಗವನ್ನು ತೆಗೆದ ಚಿತ್ರ, ಒಂದರಲ್ಲಿ ಮಾಸ್ಕ್. ಹಾಗಾಗಿ ಅದಕ್ಕೆ ಡಿನಾಯ್ಸ್ 1ರಲ್ಲೂ ಸುತ್ತಲಿನದು ಸ್ಪಷ್ಟವಾಗಿ ಕಾಣುತ್ತಿರುತ್ತದೆ. ಸಾಮಾನ್ಯ ಮಾಡೆಲ್‌ನಲ್ಲಿ 0.75 ದಾಟಿದಂತೆ ತೇಪೆ ಸುತ್ತಲಿನದರ ಜೊತೆ ಸಂಬಂಧ ಕಡಿದುಕೊಳ್ಳತೊಡಗುತ್ತದೆ. ನೀವು ಬಳಸುತ್ತಿರುವುದು ಸಾಮಾನ್ಯ ಮಾಡೆಲ್ ಆಗಿದ್ದರೆ ಇನ್‌ಪೇಂಟಿಂಗ್ ಮಾಡೆಲ್‌ಗೆ ಬದಲಿಸಿಕೊಳ್ಳಿ.

ಇನ್ನು ಸುತ್ತಲಿನ ಗೆರೆ. ಇದಕ್ಕೆ ಕಾರಣ `Mask blur`. ವೆಬ್‌ಯುಐ ಅದನ್ನು 4ರಲ್ಲಿ ಇಟ್ಟಿರುತ್ತದೆ, ಅಂದರೆ ಮಾಸ್ಕ್‌ನ ಅಂಚು ಎರಡೂ ಕಡೆಗೆ ಸುಮಾರು ಹತ್ತು ಪಿಕ್ಸೆಲ್ ಅಗಲದಲ್ಲಿ ಕರಗುತ್ತದೆ. 8 ಇಟ್ಟರೆ ಸುಮಾರು ಇಪ್ಪತ್ತು. ಕರಗುವ ಆ ಪಟ್ಟಿಯಲ್ಲಿ ಹೊಸ ಚಿತ್ರವೂ ಹಳೆಯ ಚಿತ್ರವೂ ಅರ್ಧಂಬರ್ಧ ಬೆರೆತಿರುತ್ತವೆ. ಬಕೆಟ್ಟಿನ ಅಂಚಿಗೆ ಸರಿಯಾಗಿ ಮಾಸ್ಕ್ ಎಳೆದಿದ್ದರೆ ಆ ಪಟ್ಟಿಯಲ್ಲಿ ಬೆರೆಯುವ ಹಳೆಯ ಚಿತ್ರ ಎಂದರೆ ಬಕೆಟ್ಟಿನ ಹಸಿರು ಅಂಚೇ. ನೀವು ಕಂಡ ಗೆರೆ ಹಸಿರಾಗಿಯೋ ಮಸುಕು ನೆರಳಿನಂತೆಯೋ ಇದ್ದರೆ ಅದು ಇದೇ. ಮೊದಲು ಹೇಳಿದ ಇಪ್ಪತ್ತು ಇಪ್ಪತ್ತೈದು ಪಿಕ್ಸೆಲ್ ಹೆಚ್ಚುವರಿ ಇದಕ್ಕಾಗಿ: ಬ್ಲರ್ ಎಷ್ಟು ದೂರ ಹರಡುತ್ತದೆಯೋ ಅಷ್ಟಾದರೂ ಮಾಸ್ಕ್ ವಸ್ತುವನ್ನು ದಾಟಿರಬೇಕು. ನಿಮ್ಮ ಚಿತ್ರಕ್ಕೆ ಬ್ಲರ್ 8 ಇಡಿ. ಬ್ಲರ್ ಅನ್ನು 20, 30 ಎಂದು ಏರಿಸಿದರೆ ಗೆರೆ ಹೋಗಿ ಅದರ ಜಾಗದಲ್ಲಿ ಅಗಲವಾದ ಮಂಕು ಉಂಗುರ ಬರುತ್ತದೆ, ಅದು ಹೊಳೆಯುವ ನೆಲದ ಮೇಲೆ ಇನ್ನೂ ಎದ್ದು ಕಾಣುತ್ತದೆ.

ಇಷ್ಟೆಲ್ಲ ಸರಿಯಿದ್ದರೂ ಒಂದೇ ಸುತ್ತಿನಲ್ಲಿ ತೇಪೆ ಪೂರ್ತಿ ಬೆರೆಯುವುದು ಅಪರೂಪ, ಏಕೆಂದರೆ ಹೊಸದು ಮತ್ತು ಹಳೆಯದು ಸೇರುವ ಗೆರೆಯನ್ನು ಮೊದಲ ಸುತ್ತಿನಲ್ಲಿ ಬ್ಲರ್ ಮರೆಮಾಡುತ್ತದೆಯೇ ಹೊರತು ಯಾರೂ ಬಿಡಿಸುವುದಿಲ್ಲ. ಅದಕ್ಕೇ ಎರಡನೆಯ ಸುತ್ತು. ಬಂದ ಚಿತ್ರವನ್ನು ಮತ್ತೆ ಇನ್‌ಪೇಂಟ್‌ಗೆ ಕಳುಹಿಸಿ, ಈ ಸಲ ಮೊದಲಿಗಿಂತ ಸುತ್ತಲೂ ನಲವತ್ತು ಪಿಕ್ಸೆಲ್ ದೊಡ್ಡದಾಗಿ ಮಾಸ್ಕ್ ಬಳಿಯಿರಿ. ಚೌಕಟ್ಟು ಈಗ 520×600, ಪ್ಯಾಡಿಂಗ್ 128ರೊಡನೆ 776×856, ಚೌಕ ಮಾಡಿದರೆ 856×856. ಅಳತೆಯನ್ನೂ 856×856 ಇಡಿ. `original`, ಡಿನಾಯ್ಸ್ 0.3, ಸ್ಟೆಪ್ 30. ಮೊದಲ ಸುತ್ತಿನ ಗೆರೆ ಈಗ ಮಾಸ್ಕ್‌ನ ಒಳಗಿದೆ, ಹಾಗಾಗಿ ಗೆರೆಯ ಎರಡೂ ಬದಿಯ ನೆಲವನ್ನು ಮಾಡೆಲ್ ಒಂದೇ ಕೈಯಿಂದ ಮತ್ತೊಮ್ಮೆ ಬಿಡಿಸುತ್ತದೆ. ಎರಡನೆಯ ಮಾಸ್ಕ್‌ಗೂ ಒಂದು ಅಂಚು ಇದ್ದೇ ಇದೆ. ಆದರೆ ಅದು ಬಿದ್ದಿರುವುದು ಮೂಲ ನೆಲದ ಮೇಲೆ, ಮತ್ತು 0.3ರಲ್ಲಿ ಆ ನೆಲ ಬದಲಾಗುವುದೇ ಅತ್ಯಲ್ಪವಾದ್ದರಿಂದ ಅಂಚಿನ ಎರಡೂ ಬದಿ ಹೆಚ್ಚುಕಡಿಮೆ ಒಂದೇ ಆಗಿರುತ್ತದೆ. 0.2ಕ್ಕಿಂತ ಕೆಳಗೆ ಹೋದರೆ ಗೆರೆ ಅಳಿಯುವುದಿಲ್ಲ. 0.4 ದಾಟಿದರೆ ಗೋಡೆಯ ಬುಡದ ಗೆರೆ ಮತ್ತೆ ಅಲುಗಾಡಲು ಆರಂಭಿಸುತ್ತದೆ.

ಮೂರನೆಯ, ನಾಲ್ಕನೆಯ ಸುತ್ತು ಮಾಡಿದರೆ ಇನ್ನೂ ಚೆನ್ನಾಗಬಹುದೆಂಬ ಆಸೆ ಬೇಡ. ಪ್ರತಿ ಸುತ್ತಿನಲ್ಲೂ ಆ ಭಾಗ ವಿಎಇ ಮೂಲಕ ಹೋಗಿಬರುತ್ತದೆ, ಪ್ರತಿ ಸಲವೂ ಸಣ್ಣ ವಿವರ ಕೊಂಚ ಸವೆಯುತ್ತದೆ. ಎರಡು ಸುತ್ತಿಗೆ ಬೆರೆಯದಿದ್ದರೆ ತಪ್ಪು ಮಾಸ್ಕ್‌ನಲ್ಲೋ ಕೆಳಗಿನ ಬಣ್ಣದಲ್ಲೋ ಇದೆ, ಮೊದಲಿನಿಂದ ಮಾಡಿ. ಸುತ್ತುಗಳ ನಡುವೆ ಪಿಎನ್‌ಜಿ ಆಗಿಯೇ ಉಳಿಸಿಕೊಳ್ಳಿ, ಜೆಪೆಗ್ ಬೇಡ.

ಫಲಿತಾಂಶವನ್ನು ನೋಡುವಾಗ ಯಾವ ತಪ್ಪು ಯಾವ ಸ್ಲೈಡರ್‌ನದು ಎಂದು ಬೇರ್ಪಡಿಸುವುದು ಸಾಧ್ಯ, ಆದರೆ ಅದಕ್ಕೆ ಚಿತ್ರವನ್ನು ಎರಡು ದೂರಗಳಿಂದ ನೋಡಬೇಕು. ಮೊದಲು ಇಡೀ ಫೋಟೋವನ್ನು ಅಂಗೈಯಷ್ಟು ಸಣ್ಣದು ಮಾಡಿ ನೋಡಿ. ತೇಪೆಯ ಜಾಗ ಸುತ್ತಲಿಗಿಂತ ತುಸು ತಿಳಿಯಾಗಿಯೋ ಗಾಢವಾಗಿಯೋ ಕಂಡರೆ, ಬೆಳಕಿನ ದಿಕ್ಕು ಬೇರೆ ಎನಿಸಿದರೆ, ಅದು ಪ್ಯಾಡಿಂಗ್ ಸಾಲದ ತಪ್ಪು ಅಥವಾ ಕೆಳಗೆ ಬಳಿದ ಬಣ್ಣದ ತಪ್ಪು. ಡಿನಾಯ್ಸ್ ಬದಲಿಸಿ ಪ್ರಯೋಜನವಿಲ್ಲ. ಆಮೇಲೆ 100%ಗೆ ಹಿಗ್ಗಿಸಿ ನೋಡಿ. ಗೆರೆ, ಉಂಗುರ, ಬ್ರಷ್ ಗುರುತು, ಅತಿಯಾದ ನುಣುಪು ಇವು ಅಲ್ಲಿ ಕಾಣುವಂಥವು. ಇವು ಬ್ಲರ್, ಡಿನಾಯ್ಸ್ ಮತ್ತು ಅಳತೆಯವು. ಕಣ್ಣಿಗೆ ಅನುಮಾನವಿದ್ದರೆ ಗಿಂಪ್‌ನಲ್ಲಿ ಲೆವೆಲ್ಸ್ ತೆರೆದು ಕಾಂಟ್ರಾಸ್ಟ್ ಅನ್ನು ತಾತ್ಕಾಲಿಕವಾಗಿ ಬಹಳ ಏರಿಸಿ. ಪರದೆಯ ಮೇಲೆ ತಿಳಿಯದ ಸಣ್ಣ ಬಣ್ಣದ ವ್ಯತ್ಯಾಸವೂ ಆಗ ದ್ವೀಪದಂತೆ ಎದ್ದು ಕಾಣುತ್ತದೆ, ಮುದ್ರಿಸಿದಾಗ ಬಯಲಾಗುವುದು ಸಾಮಾನ್ಯವಾಗಿ ಅದೇ.

ಅಂಕಿಗಳನ್ನು ಹೋಲಿಸುವಾಗ `Seed` ಅನ್ನು ಒಂದೇ ಅಂಕಿಗೆ ನಿಲ್ಲಿಸಿ ಒಂದು ಸ್ಲೈಡರ್ ಮಾತ್ರ ಅಲುಗಿಸಿ. ಡಿನಾಯ್ಸ್‌ಗೆ ಈ ಹೋಲಿಕೆ ನಂಬಲರ್ಹ. ಪ್ಯಾಡಿಂಗ್‌ಗೆ ಅಷ್ಟಿಲ್ಲ, ಏಕೆಂದರೆ ಪ್ಯಾಡಿಂಗ್ ಬದಲಾದರೆ ಕತ್ತರಿಸುವ ಚೌಕಟ್ಟೇ ಬದಲಾಗಿ, ಅದೇ ಸೀಡ್‌ನ ನಾಯ್ಸ್ ಫೋಟೋದ ಬೇರೆ ಜಾಗದ ಮೇಲೆ ಕೂರುತ್ತದೆ. ಆದ್ದರಿಂದ ಪ್ಯಾಡಿಂಗ್ ಹೋಲಿಸುವಾಗ ಪ್ರತಿಯೊಂದಕ್ಕೂ ನಾಲ್ಕಾರು ಚಿತ್ರ ತೆಗೆದು ಒಟ್ಟಾರೆ ಯಾವ ಗುಂಪು ಮೇಲು ಎಂದು ನೋಡಬೇಕು.

ಇದೇ ರೀತಿಯ ಫೋಟೋಗಳು ಬಹಳ ಇದ್ದು ಪೈಥಾನ್‌ನಲ್ಲಿ ಡಿಫ್ಯೂಸರ್ಸ್ ಬಳಸುವುದಾದರೆ ಇದೇ ಎರಡು ಅಂಕಿಗಳಿಗೆ ಅಲ್ಲಿ ಬೇರೆ ಹೆಸರುಗಳಿವೆ:

```python
result = pipe(
    prompt="polished red oxide floor, plain lime plaster wall",
    image=painted_photo,
    mask_image=mask,
    padding_mask_crop=128,
    strength=0.6,
    height=768,
    width=768,
    num_inference_steps=30,
).images[0]
```

ಇಲ್ಲಿ `painted_photo` ಎಂದರೆ ಬಕೆಟ್ಟಿನ ಮೇಲೆ ಒರಟಾಗಿ ಬಣ್ಣ ಬಳಿದ ಚಿತ್ರ; ವೆಬ್‌ಯುಐನ `fill` ನಂಥ ಆಯ್ಕೆಯನ್ನು ಈ ಸಾಲುಗಳು ಮಾಡಿಕೊಡುವುದಿಲ್ಲ. `padding_mask_crop` ಕೊಡದೆ ಬಿಟ್ಟರೆ ಇಡೀ ಫೋಟೋ ಮಾಡೆಲ್‌ನ ಮೂಲಕ ಹೋಗುತ್ತದೆ, ಆಗ ಮಾಸ್ಕ್‌ನ ಹೊರಗಿನ ಭಾಗವೂ ವಿಎಇಯಿಂದಾಗಿ ಸ್ವಲ್ಪ ಬದಲಾಗುತ್ತದೆ. ಬ್ಲರ್ ಅನ್ನು ಮಾಸ್ಕ್‌ಗೆ ನೀವೇ ಮೊದಲು ಕೊಟ್ಟುಕೊಳ್ಳಬೇಕು.

ಕೊನೆಯದಾಗಿ ಎರಡೂ ಸ್ಲೈಡರ್‌ಗಳ ಕೈಗೆ ಸಿಗದ ಒಂದು ವಿಷಯ ಉಳಿಯುತ್ತದೆ, ಅದು ಕ್ಯಾಮೆರಾದ ಕಾಳು. ಪಡಸಾಲೆಯಂಥ ಮಬ್ಬು ಬೆಳಕಿನಲ್ಲಿ ತೆಗೆದ ಫೋಟೋದ ತುಂಬ ಸಣ್ಣ ನಾಯ್ಸ್ ಇರುತ್ತದೆ. ಮಾಡೆಲ್ ಬಿಡಿಸಿದ ನೆಲದಲ್ಲಿ ಅದು ಇರುವುದಿಲ್ಲ, ಇದ್ದರೂ ವಿಎಇ ಅದನ್ನು ಉಳಿಸುವುದಿಲ್ಲ. ಬಣ್ಣ, ಬೆಳಕು, ಗೆರೆ ಎಲ್ಲ ಸರಿಯಿದ್ದೂ ತೇಪೆ ತೊಳೆದಿಟ್ಟಂತೆ ಕಾಣುತ್ತಿದ್ದರೆ ಕಾರಣ ಇದು. ಗಿಂಪ್‌ನಲ್ಲಿ ಮೂಲ ಫೋಟೋದ ಮೇಲೆ ಹೊಸದನ್ನು ಪದರವಾಗಿ ಇಟ್ಟು, ಲೇಯರ್ ಮಾಸ್ಕ್‌ನಿಂದ ತೇಪೆಯ ಭಾಗವನ್ನಷ್ಟೇ ಉಳಿಸಿಕೊಂಡು, ಆ ಪದರಕ್ಕೆ ಮಾತ್ರ ನಾಯ್ಸ್ ಫಿಲ್ಟರ್ ಅನ್ನು ಅತಿ ಕಡಿಮೆ ಪ್ರಮಾಣದಲ್ಲಿ ಕೊಡಿ. 200%ಗೆ ಹಿಗ್ಗಿಸಿ ತೇಪೆಯ ಕಾಳೂ ಪಕ್ಕದ ನೆಲದ ಕಾಳೂ ಒಂದೇ ಗಾತ್ರದಲ್ಲಿವೆಯೇ ನೋಡಿ. ಬಣ್ಣದಲ್ಲಿ ಉಳಿದ ಕೂದಲೆಳೆಯ ವ್ಯತ್ಯಾಸವನ್ನೂ ಅದೇ ಪದರದ ಮೇಲೆ ಕರ್ವ್ಸ್‌ನಿಂದ ಸರಿಪಡಿಸಬಹುದು, ಅದಕ್ಕಾಗಿ ಮತ್ತೊಂದು ಸುತ್ತು ಇನ್‌ಪೇಂಟ್ ಮಾಡಬೇಕಾಗಿಲ್ಲ.